ಪದಚರ್ಚೆ: "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಬದಲು ಫೋನಿನಲ್ಲಿ ಏನು ಹೇಳುವುದು?

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಅಂಗಡಿಯೊಂದರ ಕಾಲ್ ಸೆಂಟರಿಗೆ ಕನ್ನಡ ಸ್ಕ್ರಿಪ್ಟ್ ತಿದ್ದುತ್ತಿದ್ದೇನೆ. ಸಾಮಾನು ಒಡೆದು ಬಂದಾಗ, ಅಥವಾ ಕೇಳಿದ್ದು ಒಂದು ಬಂದಿದ್ದು ಇನ್ನೊಂದು ಆದಾಗ, ಸಿಟ್ಟಿನಲ್ಲಿ ಫೋನ್ ಮಾಡುವವರ ಜೊತೆ ಮೊದಲು ಆಡುವ ಮಾತಿನ ಭಾಗ ಅದು. ಈಗ ಇರುವುದು ಹೀಗೆ:

"ನಿಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ. ನಿಮ್ಮ ಭಾವನೆಗಳು ನಮಗೆ ಅರ್ಥವಾಗುತ್ತವೆ. ದಯವಿಟ್ಟು ಶಾಂತರಾಗಿ. ಹಾನಿಗೊಳಗಾದ ಉತ್ಪನ್ನದ ಕುರಿತು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ಕೂಡಲೇ ಆ ಕಡೆಯವರ ಸಿಟ್ಟು ಇನ್ನೂ ಏರುತ್ತದೆ ಎಂದು ಹುಡುಗರು ಹೇಳುತ್ತಾರೆ. "ವಿಷಾದ", "ಶಾಂತರಾಗಿ", "ಹಾನಿಗೊಳಗಾದ" ಈ ಮೂರಕ್ಕೆ ಬೇರೆ ಪದ ಸೂಚಿಸುತ್ತೀರಾ?

ಶಾರದಾ

---

ಶಾರದಾ ಅವರೇ, ತೊಂದರೆ ಇರುವುದು ಸಂಸ್ಕೃತ ಪದಗಳ ರಾಶಿಯಲ್ಲಿ. "ವಿಷಾದ" ತೆಗೆದು "ಮನ್ನಿಸಿ" ಅನ್ನಿ. "ಶಾಂತರಾಗಿ" ಬದಲು "ತಣ್ಣಗಾಗಿ". "ಹಾನಿಗೊಳಗಾದ" ಅಂತೂ ಬೇಡವೇ ಬೇಡ. ಗಾಜಾದರೆ ಒಡೆದಿದೆ, ಬಟ್ಟೆಯಾದರೆ ಹರಿದಿದೆ, ಪಾತ್ರೆಯಾದರೆ ನೆಗ್ಗಿದೆ, ಡಬ್ಬಿಯಾದರೆ ಸೋರಿದೆ. ಇಷ್ಟೊಂದು ಪದ ಇರುವಾಗ ಎಲ್ಲಕ್ಕೂ ಒಂದೇ "ಹಾನಿ" ಯಾಕೆ? ಅಚ್ಚಗನ್ನಡದಲ್ಲಿ ಮಾತಾಡಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ವೆಂಕಟೇಶ

---

ಇದೇ ಗೋಳು ನನ್ನದೂ! ನೀಲಿ ಅಂಗಿ ಕೇಳಿದ್ದೆ, ಬೂದು ಬಂತು. ಫೋನ್ ಮಾಡಿದರೆ "ಪುರಾವೆಯಾಗಿ ಫೋಟೋ ಕಳಿಸಿ" ಅಂದರು. ನಾನೇನು ಸುಳ್ಳು ಹೇಳುತ್ತೇನಾ? ಇಂಥವರಿಗೆ ನಾವು ಏನಂತ ಹೇಳಬೇಕು, ಸ್ವಲ್ಪ ಗಟ್ಟಿ ಪದ ಇದ್ದರೆ ತಿಳಿಸಿ.

ಬಸವರಾಜ

---

ಬಸವರಾಜ ಅವರೇ, ಪ್ರಶ್ನೆ ಆ ಕಡೆಯವರು ಏನು ಹೇಳಬೇಕು ಅನ್ನುವುದು. ಆದರೂ ನಿಮ್ಮ "ಪುರಾವೆ" ಇಲ್ಲಿಗೆ ಸರಿಯಾಗಿ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಗ್ರಾಹಕರ ಕರೆಗಳ ರೆಕಾರ್ಡಿಂಗ್ ಕೇಳಿ ತಿದ್ದುವುದೇ ನನ್ನ ಕೆಲಸವಾಗಿತ್ತು. ಒಡೆದಿದೆ, ಹರಿದಿದೆ ಎಂದು ಬಿಡಿಸಿ ಹೇಳಬೇಕು ಅನ್ನುವುದರಲ್ಲಿ ವೆಂಕಟೇಶ ಅವರ ಮಾತು ಸರಿ. ಅದಕ್ಕೆ ಕಾರಣ ಮಾತ್ರ ಬೇರೆ. ಸಿಟ್ಟಿನಲ್ಲಿರುವವರು ಮೊದಲು ನೋಡುವುದು ತಾವು ಹೇಳಿದ್ದು ಆ ಕಡೆ ಕಿವಿಗೆ ಬಿತ್ತಾ ಅಂತ. ಅವರು "ಚೂರಾಗಿದೆ" ಅಂದರೆ ನೀವೂ "ಚೂರಾಗಿದೆ" ಅನ್ನಬೇಕು. "ಡ್ಯಾಮೇಜ್" ಅಂದರೆ ಡ್ಯಾಮೇಜೇ ಇರಲಿ. ಅಚ್ಚಗನ್ನಡವೋ ಅಲ್ಲವೋ, ಅವರ ಪದ ಅವರಿಗೆ ವಾಪಸ್ ಕೇಳಿಸಬೇಕು. ಇನ್ನು "ಮನ್ನಿಸಿ" ಅಂತ ಫೋನಿನಲ್ಲಿ ಯಾರು ಮಾತಾಡುತ್ತಾರೆ? "ಕ್ಷಮಿಸಿ", "ಸಾರಿ" ಎರಡೂ ನಡೆಯುತ್ತವೆ.

ಒಂದು ಕರೆ ನೋಡೋಣ. "ಆರು ಲೋಟದಲ್ಲಿ ಎರಡು ಚೂರಾಗಿ ಬಂದಿವೆ. ನಾಳೆ ಉಡುಗೊರೆ ಕೊಡಬೇಕು. ಪ್ಯಾಕ್ ಮಾಡೋದು ಹೀಗೇನಾ?" ಹೊಸ ಹುಡುಗರು ಇದಕ್ಕೆ "ಆರ್ಡರ್ ನಂಬರ್ ಹೇಳಿ" ಅಂತಾರೆ. ಅಲ್ಲಿಗೆ ಕೆಟ್ಟಿತು. ಆ ಕಡೆಯವರು ಅದೇ ಕಥೆಯನ್ನು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳುತ್ತಾರೆ. ಅವರ ಮಾತು ಪೂರ್ತಿ ಮುಗಿಯಲಿ. ನಡುವೆ "ಹ್ಞಾಂ, ಹೇಳಿ" ಅಂದರೆ ಸಾಕು. "ಹೌದಾ?" ಬೇಡ, ಅದರಲ್ಲಿ ಅನುಮಾನ ಕೇಳಿಸುತ್ತದೆ. ಆಮೇಲೆ ಹೀಗೆ:

"ಆರರಲ್ಲಿ ಎರಡು ಲೋಟ ಚೂರಾಗಿವೆ, ಅದೂ ನಾಳೆ ಕೊಡಬೇಕಾದ ಉಡುಗೊರೆ. ಹೀಗಾಗಬಾರದಿತ್ತು ಮೇಡಂ, ಕ್ಷಮಿಸಿ. ಇದನ್ನ ನಾನೇ ನೋಡ್ಕೊಳ್ತೀನಿ. ಆರ್ಡರ್ ನಂಬರ್ ಹೇಳ್ತೀರಾ?"

ನಂಬರ್ ಕೊನೆಗೆ ಬಂತು, ಗಮನಿಸಿ. "ನಿಮ್ಮ ಭಾವನೆಗಳು ಅರ್ಥವಾಗುತ್ತವೆ" ಅನ್ನುವ ಮಾತೇ ಬೇಕಾಗಲಿಲ್ಲ. "ನಾಳೆ ಕೊಡಬೇಕಾದ ಉಡುಗೊರೆ" ಅಂದಾಗಲೇ ಅದು ಮುಟ್ಟಿತು. "ಶಾಂತರಾಗಿ"ಗೂ ಬದಲಿ ಪದ ಹುಡುಕಬೇಡಿ, ತೆಗೆದುಬಿಡಿ. "ತಣ್ಣಗಾಗಿ" ಅಂತೂ ಇನ್ನೂ ಕೆಟ್ಟದ್ದು. ಸಿಟ್ಟು ಇಳಿಯಿತು ಅನ್ನುವುದು ಅವರ ಮಾತಿನಲ್ಲೇ ಗೊತ್ತಾಗುತ್ತದೆ. ಬೈಯುವುದು ನಿಂತು "ಹಾಗಾದ್ರೆ ಈಗ ಏನು ಮಾಡ್ತೀರಿ?" ಅನ್ನುತ್ತಾರೆ. ಪರಿಹಾರ ಹೇಳಬೇಕಾದದ್ದು ಆಗ. ಮೊದಲೇ ಹೇಳಿದರೆ ಕಿವಿಗೇ ಹೋಗುವುದಿಲ್ಲ.

ಹೇಳುವಾಗ "ಕೈಗೊಳ್ಳಲಾಗುವುದು" ಬೇಡ. ಅಲ್ಲಿ ಮಾಡುವವರು ಯಾರೂ ಇಲ್ಲ. "ನೋಡ್ತೀನಿ" ಕೂಡ ಬೇಡ, ನಮ್ಮಲ್ಲಿ ಅದು ಆಗಲ್ಲ ಅನ್ನುವುದರ ಮರ್ಯಾದೆಯ ರೂಪ ತಾನೇ! ನಾಳೆಯೊಳಗೆ ಆಗದಿದ್ದರೆ ನೇರವಾಗಿ ಹೇಳಿ: "ಹೊಸ ಸೆಟ್ ಕಳಿಸಿಕೊಡ್ತೀನಿ, ಆದ್ರೆ ನಾಳೆಯೊಳಗೆ ಬರೋದಿಲ್ಲ. ಬೇಡ ಅಂದ್ರೆ ದುಡ್ಡು ವಾಪಸ್ ಹಾಕಿಸ್ತೀನಿ. ಯಾವುದು ಮಾಡ್ಲಿ?" ಆಗದ್ದನ್ನು ಈಗಲೇ ಕೇಳಿದರೆ ಒಂದು ಸಲ ಬೈಯುತ್ತಾರೆ. ಮುಚ್ಚಿಟ್ಟರೆ ನಾಳೆ ಇನ್ನೊಂದು ಕರೆ ಬರುತ್ತದೆ, ಅದನ್ನು ಸಂಭಾಳಿಸುವುದು ಬಹಳ ಕಷ್ಟ.

ಈಗ ಫೋಟೋ. ಕೇಳುವುದಕ್ಕೆ ಕಾರಣ ಇದೆ. ಹೊರಗಿನ ಪೆಟ್ಟಿಗೆ ನೆಗ್ಗಿದ್ದರೆ ಸಾಗಣೆಯಲ್ಲಿ ಪೆಟ್ಟು ಬಿದ್ದಿರಬಹುದು. ಪೆಟ್ಟಿಗೆ ಸರಿಯಿದ್ದು ಒಳಗೆ ಒಡೆದಿದ್ದರೆ ಪ್ಯಾಕಿಂಗ್ ಮೇಲೆ ಅನುಮಾನ ಬರುತ್ತದೆ. ಬಸವರಾಜ ಅವರ ಅಂಗಿಯ ಥರ ಬೇರೆಯೇ ಬಂದಿದ್ದರೆ ಲೇಬಲ್ ಕಾಣಬೇಕು, ಗೋದಾಮಿನಲ್ಲಿ ಅದಲುಬದಲಾಯಿತಾ ಅಂತ ಅದರಿಂದ ತಿಳಿಯುತ್ತದೆ. ಈ ಕಾರಣ ಹೇಳದೆ "ಪುರಾವೆ" ಅಂದರೆ ಕಳ್ಳನ ಹತ್ತಿರ ಮಾತಾಡಿದ ಹಾಗೆ. "ಎಲ್ಲಿ ಒಡೀತು ಅಂತ ನಮಗೆ ಗೊತ್ತಾಗಬೇಕು, ಪೆಟ್ಟಿಗೆದೂ ಲೋಟದ್ದೂ ಒಂದೊಂದು ಫೋಟೋ ಕಳಿಸ್ತೀರಾ? ಪೆಟ್ಟಿಗೆ ಎಸೀಬೇಡಿ" ಅಂದರೆ ಹೆಚ್ಚಿನವರು ಕಳಿಸುತ್ತಾರೆ.

ಇನ್ನೊಂದು, ಯಾರೂ ಸ್ಕ್ರಿಪ್ಟಿನಲ್ಲಿ ಬರೆಯದ ವಿಷಯ. ಕರೆಯನ್ನು ಮೇಲಿನವರಿಗೆ ಕೊಡುವಾಗ, ಗ್ರಾಹಕರು ಲೈನಿನಲ್ಲಿ ಇರುವಾಗಲೇ, "ಸರ್, ಎರಡು ಲೋಟ ಒಡೆದಿವೆಯಂತೆ" ಅನ್ನುತ್ತಾರೆ. ಆ "ಅಂತೆ" ಎಲ್ಲವನ್ನೂ ಹಾಳು ಮಾಡುತ್ತದೆ. ಹೇಳುವವರಿಗೆ ಅದು ಕೇಳಿದ ಸುದ್ದಿ ಅಷ್ಟೆ. ಆದರೆ ಗ್ರಾಹಕರಿಗೆ "ಇವರು ಹೇಳ್ತಿದ್ದಾರೆ, ನಿಜವೋ ಸುಳ್ಳೋ" ಅಂತ ಕೇಳಿಸುತ್ತದೆ. "ನಿಮ್ಮ ಪ್ರಕಾರ ಒಡೆದಿದೆ" ಕೂಡ ಅದೇ ಜಾತಿ. "ಒಡೆದು ಬಂದಿವೆ" ಅಂತಲೇ ಹೇಳಿಸಿ.

ಲತಾ

---

ಲತಾ ಅವರೇ, "ಅಂತೆ" ನನಗೆ ಹೊಳೆದೇ ಇರಲಿಲ್ಲ. ನಮ್ಮ ಸ್ಕ್ರಿಪ್ಟಿನಲ್ಲೇ ಎರಡು ಕಡೆ ಇದೆ, ಈಗ ತೆಗೆದೆ. ಒಂದೇ ಒಂದು ಸಿಕ್ಕು ಉಳಿದಿದೆ. ನೀವು "ಹೀಗಾಗಬಾರದಿತ್ತು" ಅಂದಿರಿ. ತಂಡದ ಹಿರಿಯರೊಬ್ಬರು "ನಮ್ಮಿಂದ ತಪ್ಪಾಯ್ತು" ಎಂದೇ ಇರಲಿ ಅನ್ನುತ್ತಾರೆ. ಕಂಪನಿಯವರು ಫೋಟೋ ನೋಡುವ ಮೊದಲು ತಪ್ಪು ಒಪ್ಪಬೇಡಿ ಅನ್ನುತ್ತಾರೆ.

ಶಾರದಾ

---

"ಹೀಗಾಗಬಾರದಿತ್ತು" ಅಂದರೆ ಮಳೆ ಬಂದದ್ದಕ್ಕೆ ಮರುಗಿದ ಹಾಗೆ ಆಯಿತು. ಅಲ್ಲೂ ಮಾಡಿದವರು ಯಾರೂ ಇಲ್ಲ! "ಕೈಗೊಳ್ಳಲಾಗುವುದು" ಬೇಡ ಅಂದವರು ಇದನ್ನು ಹೇಗೆ ಒಪ್ಪುತ್ತೀರಿ? "ತಪ್ಪಾಯ್ತು" ಅನ್ನಿ, ಮುಗಿಯಿತು.

ವೆಂಕಟೇಶ

---

ಆ ಮಾತು ಒಪ್ಪಬೇಕಾದದ್ದೇ. ಅದಕ್ಕೇ "ಕ್ಷಮಿಸಿ, ನಾನೇ ನೋಡ್ಕೊಳ್ತೀನಿ" ಅನ್ನುವುದನ್ನು ಬೆನ್ನಿಗೇ ಹಾಕಿದೆ, ಮುಂದಿನದಕ್ಕಾದರೂ ಒಬ್ಬರು ಸಿಕ್ಕಲಿ ಅಂತ. ಬೇರೆ ಬಣ್ಣ, ಬೇರೆ ಅಳತೆ ಬಂದಿದ್ದು ಆರ್ಡರ್ ವಿವರದಲ್ಲೇ ಕಂಡರೆ "ನಮ್ಮ ತಪ್ಪು" ಎಂದು ನೇರವಾಗಿ ಅನ್ನಲಿ. ಕಳಿಸಿದ್ದು ನೀವೇ ತಾನೇ. ಒಡೆದದ್ದಕ್ಕೆ ಫೋಟೋ ಬರುವವರೆಗೆ ನಾನು ಹಾಗೆ ಹೇಳಿಸುತ್ತಿರಲಿಲ್ಲ. ಆದರೆ ಅಲ್ಲೂ ಹೇಳಿಸುತ್ತಿದ್ದ ತಂಡಗಳನ್ನು ಕಂಡಿದ್ದೇನೆ, ಅವರ ಕರೆಗಳೇನೂ ಕೆಡಲಿಲ್ಲ.

ಲತಾ

---

ಹಾಗಾದರೆ ನನ್ನ ಅಂಗಿಗೆ ಅವರು "ನಮ್ಮ ತಪ್ಪು" ಅನ್ನಬೇಕಿತ್ತು, ಅಲ್ವಾ?

ಬಸವರಾಜ