ಸಹಾಯ ಬೇಕು: ಪೊಸಿಷನ್ ಸೈಜ್ ಲೆಕ್ಕದಲ್ಲಿ ಶುಲ್ಕ ಮತ್ತು ಸ್ಲಿಪೇಜ್ ಸೇರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ಸ್ಪಾಟ್ ಖಾತೆಯಲ್ಲಿ 200 ಯುಎಸ್‌ಡಿಟಿ ಇದ್ದು, ಒಂದು ವ್ಯವಹಾರದಲ್ಲಿ ಶೇ. 1ಕ್ಕಿಂತ, ಅಂದರೆ 2 ಯುಎಸ್‌ಡಿಟಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂಬ ನಿಯಮವನ್ನು ಪಾಲಿಸುತ್ತಿದ್ದೇನೆ.

ಇತ್ತೀಚೆಗೆ 50ರ ದರದಲ್ಲಿ ಒಂದು ಕಾಯಿನ್ ಕೊಳ್ಳಲು ಯೋಚಿಸಿ, ಸ್ಟಾಪ್ ಅನ್ನು 48.5ಕ್ಕೆ, ಅಂದರೆ ಶೇ. 3ರಷ್ಟು ಕೆಳಗೆ ಗುರುತಿಸಿದೆ. 2 ಅನ್ನು 0.03ರಿಂದ ಭಾಗಿಸಿದರೆ ಪೊಸಿಷನ್ ಸೈಜ್, ಅಂದರೆ ಕೊಳ್ಳಬಹುದಾದ ಮೊತ್ತ, ಸುಮಾರು 66.7 ಯುಎಸ್‌ಡಿಟಿ ಬರುತ್ತದೆ. ಆದರೆ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1ರಷ್ಟು ಶುಲ್ಕವಿರುವುದರಿಂದ ಭಾಜಕವನ್ನು 0.032 ಮಾಡಿ, 62.5 ಯುಎಸ್‌ಡಿಟಿಗೆ 1.25 ಕಾಯಿನ್ ಕೊಂಡೆ. ಇಷ್ಟು ಸರಿಯೆಂದೇ ನನ್ನ ನಂಬಿಕೆ.

ತೊಡಕು ಸ್ಲಿಪೇಜ್‌ನದು, ಅಂದರೆ ಗುರುತಿಸಿದ ದರಕ್ಕೂ ಆರ್ಡರ್ ಪೂರ್ಣಗೊಳ್ಳುವ ದರಕ್ಕೂ ಬೀಳುವ ವ್ಯತ್ಯಾಸದ್ದು. ದರ ವೇಗವಾಗಿ ಕುಸಿದಾಗ ಸ್ಟಾಪ್ ಮಾರ್ಕೆಟ್ ಆರ್ಡರ್ 48.5ರ ಬದಲು 48.2ರಲ್ಲಿ ಪೂರ್ಣಗೊಂಡು, ಶುಲ್ಕವೂ ಸೇರಿ ಸುಮಾರು 2.37 ಯುಎಸ್‌ಡಿಟಿ ನಷ್ಟವಾಯಿತು. ಸ್ಟಾಪ್ ಲಿಮಿಟ್ ಬಳಸಿದರೆ ದರ ನನ್ನ ಮಿತಿಯನ್ನು ದಾಟಿ ಇಳಿದುಹೋಗಿ, ಆರ್ಡರ್ ಪೂರ್ಣಗೊಳ್ಳದೆ ಉಳಿಯಬಹುದೆಂಬ ಭಯವಿದೆ. ಅದು ಇದಕ್ಕಿಂತ ದೊಡ್ಡ ಅಪಾಯ.

ಸ್ಟಾಪ್ ಹತ್ತಿರವಿದ್ದಷ್ಟೂ ಇದು ಬಿಗಡಾಯಿಸುತ್ತದೆ: ಶೇ. 0.5ರ ಅಂತರಕ್ಕೆ ಶುಲ್ಕ ಸೇರಿಸಿಯೂ ಸುಮಾರು 286 ಯುಎಸ್‌ಡಿಟಿ ಬೇಕೆಂದು ಸೂತ್ರ ಹೇಳುತ್ತದೆ, ಖಾತೆಯಲ್ಲಿ ಅಷ್ಟು ಹಣವೇ ಇಲ್ಲ. ಸಾಲದ ಲೆವರೇಜ್ ನನಗೆ ಬೇಡ.

ಭಾಜಕಕ್ಕೆ ಸ್ಲಿಪೇಜ್‌ಗಾಗಿ ಎಷ್ಟು ಸೇರಿಸಬೇಕೆಂಬುದನ್ನು ನೀವು ಹಿಂದಿನ ಸ್ಟಾಪ್‌ಗಳ ದಾಖಲೆಯಿಂದ ನಿರ್ಧರಿಸುತ್ತೀರಾ, ಅಥವಾ ಆರ್ಡರ್ ಬುಕ್ಕಿನ ಆಳ ನೋಡಿಯೇ? ಅನುಭವವಿರುವವರು ದಯವಿಟ್ಟು ಲೆಕ್ಕದ ಸಮೇತ ತಿಳಿಸಿ.