ಸಹಾಯ ಬೇಕು: ಕೊಟ್ಟ ತಾರೀಕಿನ ನಂತರದ ಶುಕ್ರವಾರ ಯಾವತ್ತು?

ಎಕ್ಸೆಲ್‌ನಲ್ಲಿ A2ರಲ್ಲಿ ತಾರೀಕಿದೆ, B2ರಲ್ಲಿ ಬೇಕಾದ ವಾರದ ನಂಬರ್ (ಸೋಮವಾರ 1, ಭಾನುವಾರ 7). ಈಗ ಹಾಕಿರುವ ಫಾರ್ಮುಲಾ ಇದು:

```
=A2+MOD(B2-WEEKDAY(A2,2),7)
```

B2ರಲ್ಲಿ 5 ಹಾಕಿ ನೋಡಿದೆ. 2025ರ ಜನವರಿ 1 ಬುಧವಾರ, ಅದಕ್ಕೆ ಜನವರಿ 3 ಬಂತು, ಸರಿಯಾಗಿದೆ. ಆದರೆ ಜನವರಿ 3 ಕೊಟ್ಟರೆ ಅದೇ 3 ವಾಪಸ್ ಬರುತ್ತದೆ, ಯಾಕೆಂದರೆ ಅವತ್ತೇ ಶುಕ್ರವಾರ, 5ರಲ್ಲಿ 5 ಕಳೆದರೆ ಸೊನ್ನೆ ಅಲ್ವಾ. ನನಗೆ ಅಲ್ಲಿ ಜನವರಿ 10 ಬರಬೇಕು. ಸುಮ್ನೆ ಕೊನೆಗೆ 7 ಕೂಡಿಸಿದರೆ ಬುಧವಾರದ ಉತ್ತರವೂ 10ಕ್ಕೆ ಹಾರುತ್ತದೆ. IF ಹಾಕಿದರೆ ಆಗುತ್ತದೆ, ಆದರೆ ಫಾರ್ಮುಲಾ ಉದ್ದವಾಗಿ ಓದೋಕೆ ಕಷ್ಟ. ಎರಡೂ ಕಡೆ A2 ಬದಲು A2+1 ಇಟ್ಟರೆ, ಅಂದರೆ ಮರುದಿನದಿಂದಲೇ ಹುಡುಕಿಸಿದರೆ, ಏಳೂ ವಾರಕ್ಕೆ ಸರಿಹೋಗುತ್ತದಾ? ಬಲ್ಲವರು ದಯವಿಟ್ಟು ನೋಡಿ ಹೇಳಿ, ಇದಕ್ಕಿಂತ ಚಿಕ್ಕದಿದ್ದರೆ ಅದನ್ನೂ ಕೊಡಿ.