ಫ್ಯಾಟ್ ಮೊದಲಿನಷ್ಟೇ ಇದೆ, ಬೆಳಗಿನ ಹಾಲಿನಲ್ಲಿ ಎಸ್‌ಎನ್‌ಎಫ್ ಮಾತ್ರ ಇಳಿದಿದೆ: ಇದಕ್ಕೆ ನೀರೇ ಕಾರಣವೇ?

ಕುಷ್ಟಗಿ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಚ್‌ಎಫ್ ಮಿಶ್ರತಳಿ ಆಕಳುಗಳ ಹಾಲನ್ನು ಊರಿನ ಸಂಘಕ್ಕೆ ಹಾಕುತ್ತೇವೆ. ನವೆಂಬರ್‌ವರೆಗೆ ಯಂತ್ರದ ಚೀಟಿಯಲ್ಲಿ ಫ್ಯಾಟ್ 4.0, ಎಸ್‌ಎನ್‌ಎಫ್ 8.5ರ ಆಸುಪಾಸು ಬರುತ್ತಿತ್ತು. ಆ ಯಂತ್ರ ಕೆಟ್ಟು ರಿಪೇರಿಗೆ ಹೋದಂದಿನಿಂದ ಫ್ಯಾಟನ್ನು ಆಸಿಡ್ ಹಾಕಿ ತಿರುಗಿಸುವ ಹಳೆಯ ಗರ್ಬರ್ ವಿಧಾನದಲ್ಲಿ ನೋಡುತ್ತಾರೆ, ಡಿಗ್ರಿಯನ್ನು ಲ್ಯಾಕ್ಟೋಮೀಟರಿನಲ್ಲಿ ನೋಡಿ ಗೋಡೆಗೆ ಅಂಟಿಸಿದ ಕೋಷ್ಟಕದಿಂದ ಎಸ್‌ಎನ್‌ಎಫ್ ಬರೆಯುತ್ತಾರೆ. ಈಗ ಬೆಳಗಿನ ಹಾಲಿಗೆ ಫ್ಯಾಟ್ 4.0 ಇದ್ದರೂ ಡಿಗ್ರಿ 26.5, ಎಸ್‌ಎನ್‌ಎಫ್ 8.1 ಎಂದು ಬರುತ್ತಿದೆ. ಸಂಜೆಯ ಹಾಲಿಗೆ ಇಷ್ಟು ಇಳಿಯುವುದಿಲ್ಲ. ಕಾರ್ಯದರ್ಶಿಯವರು ನೇರವಾಗಿ ಹೇಳದಿದ್ದರೂ ನೀರು ಸೇರಿದೆ ಎಂಬ ಅರ್ಥ ಬರುವಂತೆ ಮಾತನಾಡುತ್ತಾರೆ. ನಾವು ನೀರು ಸೇರಿಸಿಲ್ಲ. ಈ ಅಂಕಿಗಳನ್ನು ಹೇಗೆ ಓದಬೇಕು ಎಂದು ತಿಳಿದವರು ಹೇಳಬೇಕು.

ಮಾನ್ವಿ ಡೈರಿ ಗೆಳೆಯ

ಆಕಳ ಹಾಲಿಗೆ ಕಾನೂನು ನಿಗದಿಪಡಿಸಿದ ಕನಿಷ್ಠ ಮಟ್ಟ ಫ್ಯಾಟ್ 3.2, ಎಸ್‌ಎನ್‌ಎಫ್ 8.3. ನಿಮ್ಮದು ಅದಕ್ಕಿಂತ ಕೆಳಗಿದೆ. ಡಿಗ್ರಿ ಇಳಿಯಿತೆಂದರೆ ಹಾಲು ತೆಳುವಾಗಿದೆ, ತೆಳುವಾಗಿದೆಯೆಂದರೆ ನೀರು ಸೇರಿದೆ. ಬೇಕೆಂದೇ ಹಾಕಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಕ್ಯಾನು ತೊಳೆದ ನೀರು ತಳದಲ್ಲಿ ಉಳಿದಿರಬಹುದು, ಹಿಂಡುವವರು ಕೆಚ್ಚಲು ತೊಳೆದ ನೀರು ಬಕೇಟಿಗೆ ಬಿದ್ದಿರಬಹುದು. ಮೊದಲು ಅದನ್ನು ನೋಡಿ.

ಗಂಗಾವತಿ ನಿವೃತ್ತ ಲ್ಯಾಬ್

ಮಾನ್ವಿಯ ಗೆಳೆಯರ ಮಾತು ಅರ್ಧ ಸರಿ. ನೀರು ಸೇರಿದರೆ ಡಿಗ್ರಿ ಇಳಿಯುತ್ತದೆ, ಆದರೆ ಡಿಗ್ರಿ ಇಳಿದಾಗಲೆಲ್ಲ ನೀರು ಸೇರಿರಬೇಕೆಂದಿಲ್ಲ. ನೀರು ಫ್ಯಾಟನ್ನೂ ಎಸ್‌ಎನ್‌ಎಫ್‌ಅನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. 8.5 ಇದ್ದ ಎಸ್‌ಎನ್‌ಎಫ್ 8.1ರ ಹತ್ತಿರ ಬರಬೇಕಾದರೆ ಒಟ್ಟು ಹಾಲಿನಲ್ಲಿ ನೂರಕ್ಕೆ ಸುಮಾರು 5 ಭಾಗ ನೀರಿರಬೇಕು, ಆಗ 4.0 ಇದ್ದ ಫ್ಯಾಟ್ 3.8ಕ್ಕೆ ಬರಬೇಕಿತ್ತು. ಗರ್ಬರ್ ಬ್ಯುಟಿರೋಮೀಟರಿನಲ್ಲಿ 0.2ರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಾಗೆಂದು ಇದನ್ನೇ ಪೂರ್ಣ ಸಾಕ್ಷಿ ಎನ್ನಲಾಗದು, ಏಕೆಂದರೆ ಒಂದೇ ಆಕಳ ಫ್ಯಾಟ್ ದಿನದಿಂದ ದಿನಕ್ಕೆ ಅಷ್ಟು ಏರಿಳಿಯುವುದುಂಟು. ಆದರೆ ಪ್ರತಿ ದಿನವೂ ಫ್ಯಾಟ್ ನಿಂತಲ್ಲೇ ನಿಂತು ಎಸ್‌ಎನ್‌ಎಫ್ ಮಾತ್ರ ಇಳಿದರೆ, ಅದರಲ್ಲೂ ಬೆಳಗ್ಗೆ ಮಾತ್ರ ಇಳಿದರೆ, ನಾನು ಹಾಲಿಗಿಂತ ಮೊದಲು ಅಳತೆಯನ್ನು ಅನುಮಾನಿಸುತ್ತೇನೆ.

ಮೂರು ವಿಷಯ ತಿಳಿಸಿ. ನಿಮ್ಮ ಮನೆ ಸಂಘದಿಂದ ಎಷ್ಟು ದೂರ? ಡಿಗ್ರಿ ನೋಡುವಾಗ ಹಾಲಿನ ಉಷ್ಣತೆಯನ್ನೂ ನೋಡುತ್ತಾರೆಯೇ? ಲ್ಯಾಕ್ಟೋಮೀಟರಿನ ಕಾಂಡದೊಳಗಿನ ಚೀಟಿಯಲ್ಲಿ ಯಾವ ಉಷ್ಣತೆ ಮುದ್ರಿಸಿದೆ?

ಸಿಂಧನೂರು ಎಮ್ಮೆಮನೆ

ನಮ್ಮದೂ ಇದೇ ಗೋಳು ಸರ್. ನಮ್ಮ ಎಮ್ಮೆಯ ಫ್ಯಾಟ್ 7 ಇದ್ದದ್ದು ಈ ವಾರ 5.5ಕ್ಕೆ ಬಂದಿದೆ, ಎಸ್‌ಎನ್‌ಎಫ್ ಹಾಗೆಯೇ ಇದೆ. ಕರು ದೊಡ್ಡದಾಗಿದೆ, ಮೇವಿಗೆ ಭತ್ತದ ಹುಲ್ಲು ಬಿಟ್ಟರೆ ಬೇರೇನಿಲ್ಲ.

ಗಂಗಾವತಿ ನಿವೃತ್ತ ಲ್ಯಾಬ್

ಅಕ್ಕಾ, ನಿಮ್ಮದು ಇದಕ್ಕೆ ತಿರುಗುಮುರುಗಾದ ಸಮಸ್ಯೆ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಫ್ಯಾಟ್ ಕಡಿಮೆ, ಕೊನೆಗೆ ಬರುವ ಹಾಲಿನಲ್ಲಿ ಹೆಚ್ಚು, ಎಸ್‌ಎನ್‌ಎಫ್ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರೆ ನಿಮ್ಮ ಚೀಟಿ ಹೀಗೆಯೇ ಬರುತ್ತದೆ. ಕರುವಿಗೆ ಮೊದಲು ಕುಡಿಸಿ, ಆಮೇಲೆ ಪೂರ್ತಿ ಹಿಂಡಿ ನೋಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಹಗರಿಬೊಮ್ಮನಹಳ್ಳಿ ಟೆಕ್

ಯಂತ್ರದಲ್ಲಿ ಆಕಳಿಗೂ ಎಮ್ಮೆಗೂ ಬೇರೆ ಬೇರೆ ಚಾನೆಲ್ ಇರುತ್ತದೆ. ತಪ್ಪು ಚಾನೆಲ್ ಒತ್ತಿದರೆ ಎಸ್‌ಎನ್‌ಎಫ್ ತಪ್ಪು ತೋರಿಸುತ್ತದೆ. ಒಳಗಿನ ಕೊಳವೆಯಲ್ಲಿ ಹಾಲಿನ ಕಲ್ಲು ಕಟ್ಟಿದರೂ ಹಾಗೆಯೇ. ಶುಚಿಗೊಳಿಸಿ ಮತ್ತೆ ಕ್ಯಾಲಿಬ್ರೇಶನ್ ಮಾಡಿಸಲು ಹೇಳಿ.

ಕುಷ್ಟಗಿ ಹೈನುಗಾರ

ಟೆಕ್ ಅವರೇ, ಯಂತ್ರವೇ ಸದ್ಯಕ್ಕೆ ಸಂಘದಲ್ಲಿಲ್ಲ, ರಿಪೇರಿಗೆ ಹೋಗಿದೆ. ಗಂಗಾವತಿಯ ಸರ್ ಕೇಳಿದ್ದಕ್ಕೆ ಉತ್ತರ: ಮನೆ ಸಂಘದ ಹಿಂದಿನ ಓಣಿಯಲ್ಲೇ ಇದೆ, ಹಿಂಡಿದ ಹಾಲು ಹತ್ತು ನಿಮಿಷದೊಳಗೆ ಅಲ್ಲಿರುತ್ತದೆ. ಉಷ್ಣತೆ ನೋಡುವುದಿಲ್ಲ, ಥರ್ಮಾಮೀಟರ್ ಡಬ್ಬಿಯಲ್ಲೇ ಇದೆ. ಲ್ಯಾಕ್ಟೋಮೀಟರಿನ ಮೇಲೆ 27 ಡಿಗ್ರಿ ಸೆಲ್ಸಿಯಸ್ ಎಂದಿದೆ. ಇನ್ನೊಂದು ಸಂಗತಿಯನ್ನು ಈಗ ಗಮನಿಸಿದೆ. ತೋಟದ ವಸ್ತಿಗಳಿಂದ ಸೈಕಲ್ ಮೋಟಾರಿನಲ್ಲಿ ತಡವಾಗಿ ತರುವವರ ಡಿಗ್ರಿ ಚೆನ್ನಾಗಿಯೇ ಬರುತ್ತಿದೆ. ಇಳಿದಿರುವುದು ಓಣಿಯವರದ್ದೇ.

ಗಂಗಾವತಿ ನಿವೃತ್ತ ಲ್ಯಾಬ್

ಹಾಗಾದರೆ ಬಹುಪಾಲು ಕಾರಣ ಇಲ್ಲೇ ಸಿಕ್ಕಿದಂತಾಯಿತು. ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು ಮಾತ್ರ. ಹಾಲು ಬಿಸಿಯಾದಷ್ಟೂ ಹಗುರಾಗುತ್ತದೆ, ಹಗುರಾದ ಹಾಲಿನಲ್ಲಿ ಬುರುಡೆ ಹೆಚ್ಚು ಮುಳುಗುತ್ತದೆ, ಡಿಗ್ರಿ ಕಡಿಮೆ ಕಾಣುತ್ತದೆ. ನಿಮ್ಮ ಕೈಯಲ್ಲಿರುವ ಉಪಕರಣ 27 ಡಿಗ್ರಿ ಉಷ್ಣತೆಯ ಹಾಲಿಗೆ ಮಾತ್ರ ಸರಿಯಾದ ಓದನ್ನು ಕೊಡುತ್ತದೆ. ಅದಕ್ಕಿಂತ ಮೇಲಿನ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೂ ಓದಿಗೆ ಸುಮಾರು 0.2 ಕೂಡಿಸಬೇಕು, ಕೆಳಗಿದ್ದರೆ ಅಷ್ಟೇ ಕಳೆಯಬೇಕು. ಹೀಗೆ ತಿದ್ದಿದ ಓದನ್ನೇ ಸಿಎಲ್‌ಆರ್ ಎನ್ನುತ್ತೇವೆ, ಕೋಷ್ಟಕಕ್ಕೆ ಹಾಕಬೇಕಾದದ್ದು ಅದನ್ನು.

ಕೆಚ್ಚಲಿನಿಂದ ಬರುವಾಗ ಹಾಲು ಸುಮಾರು 38 ಡಿಗ್ರಿ ಇರುತ್ತದೆ. ಹತ್ತು ನಿಮಿಷದಲ್ಲಿ ನಿಮ್ಮ ಹಾಲು 34ಕ್ಕೆ ಇಳಿದಿದೆ ಎಂದುಕೊಳ್ಳೋಣ. ಅನೇಕ ಕೋಷ್ಟಕಗಳ ಹಿಂದೆ ಈ ಸೂತ್ರವಿರುತ್ತದೆ:

```
SNF = CLR/4 + 0.25 × F + 0.44
```

ತಿದ್ದದ ಓದು 26.5ನ್ನು ಹಾಗೆಯೇ ಹಾಕಿದರೆ 6.63, 1.00, 0.44 ಕೂಡಿ 8.07, ಅಂದರೆ ನಿಮ್ಮ ಚೀಟಿಯ 8.1. ಏಳು ಡಿಗ್ರಿ ಉಷ್ಣತೆಗೆ 1.4 ಕೂಡಿಸಿದರೆ ಸಿಎಲ್‌ಆರ್ 27.9 ಆಗುತ್ತದೆ, ಎಸ್‌ಎನ್‌ಎಫ್ 8.41. ಅದೇ ಹಾಲು, ಅದೇ ಉಪಕರಣ, ಆದರೆ ಒಂದು ಲೆಕ್ಕದಲ್ಲಿ ಕನಿಷ್ಠ ಮಟ್ಟದ ಕೆಳಗೆ, ಇನ್ನೊಂದರಲ್ಲಿ ಮೇಲೆ. ತೋಟದಿಂದ ಬರುವವರ ಹಾಲು ಡಿಸೆಂಬರಿನ ಚಳಿಗಾಳಿಯಲ್ಲಿ 25ಕ್ಕೆ ಇಳಿದಿದ್ದರೆ ಅವರ ಓದಿನಿಂದ 0.4 ಕಳೆಯಬೇಕಿತ್ತು, ಅವರಿಗೆ ಕೊಂಚ ಲಾಭವೇ ಆಗುತ್ತಿದೆ. ಸಂಜೆ ಬಹುಶಃ ನೀವೂ ಸ್ವಲ್ಪ ನಿಧಾನವಾಗಿ ಹೋಗುತ್ತೀರಿ, ಅಷ್ಟರಲ್ಲಿ ಹಾಲು ಇನ್ನಷ್ಟು ತಣಿದಿರುತ್ತದೆ. ಫ್ಯಾಟಿಗೆ ಏನೂ ಆಗದಿರುವುದಕ್ಕೂ ಇದೇ ಉತ್ತರ: ಗರ್ಬರಿನಲ್ಲಿ 10.75 ಮಿಲಿ ಹಾಲನ್ನು ಪಿಪೆಟ್ಟಿನಲ್ಲಿ ಅಳೆದು, ಕೊನೆಗೆ 65 ಡಿಗ್ರಿ ನೀರಿನಲ್ಲಿಟ್ಟು ಓದುವುದರಿಂದ ತಂದ ಹಾಲಿನ ಬಿಸಿ ಅಲ್ಲಿ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಮಾಡುವುದಿಲ್ಲ.

34 ಡಿಗ್ರಿ ಎಂಬುದು ನನ್ನ ಊಹೆ. ನಾಳೆ ಅದೇ ಹಾಲನ್ನು ಎರಡು ಸಲ ನೋಡಿಸಿ: ತಂದ ತಕ್ಷಣ ಒಮ್ಮೆ, ಪಾತ್ರೆಯನ್ನು ನೀರಿನಲ್ಲಿಟ್ಟು 27ಕ್ಕೆ ಇಳಿಸಿ, ನೊರೆ ಏಳದಂತೆ ಕಲಸಿ ಇನ್ನೊಮ್ಮೆ.

ಸಿರುಗುಪ್ಪ ಪರೀಕ್ಷಕ

ನಾನು ಇನ್ನೊಂದು ಸಂಘದಲ್ಲಿ ಹಾಲು ಪರೀಕ್ಷೆ ಮಾಡುವವನು. ಸರ್ ಹೇಳಿದ ಲೆಕ್ಕ ಸರಿಯೇ, ಆದರೆ ಎದುರಿಗೆ ಸಾಲು ನಿಂತಿರುವಾಗ ಪ್ರತಿಯೊಬ್ಬರ ಹಾಲನ್ನು ತಣಿಸಿ ಓದುವುದು ಆಗದ ಮಾತು. ಸ್ಯಾಂಪಲ್ ತೆಗೆದಿಟ್ಟು ಆಮೇಲೆ ಓದೋಣವೆಂದರೆ ಫ್ಯಾಟಿಗೆಂದು ಇಡುವ ಚಿಕ್ಕ ಬಾಟಲಿಯ ಹಾಲು ಲ್ಯಾಕ್ಟೋಮೀಟರ್ ತೇಲುವುದಕ್ಕೆ ಸಾಲುವುದಿಲ್ಲ. ಅದಕ್ಕೆ ಜಾಡಿ ತುಂಬ ಹಾಲು ಬೇಕು. ನಾವು ಜಾಡಿಯೊಳಗೇ ಥರ್ಮಾಮೀಟರ್ ಇಳಿಸಿ, ಉಷ್ಣತೆಯನ್ನು ಡಿಗ್ರಿಯ ಪಕ್ಕದಲ್ಲೇ ಬರೆದುಕೊಂಡು, ತಿದ್ದುಪಡಿಯನ್ನು ಸಾಲು ಮುಗಿದ ಮೇಲೆ ಮಾಡುತ್ತೇವೆ. ಒಬ್ಬರಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಕಾರ್ಯದರ್ಶಿಯ ಮೇಲೆ ಸಿಟ್ಟಾಗಬೇಡಿ ಅಣ್ಣ, ಯಂತ್ರ ಇದ್ದಾಗ ಉಷ್ಣತೆಯನ್ನು ಅದೇ ನೋಡಿಕೊಳ್ಳುತ್ತಿತ್ತು, ಹಾಗಾಗಿ ಕೈ ರೂಢಿ ತಪ್ಪಿರುತ್ತದೆ.

ಮಾನ್ವಿ ಡೈರಿ ಗೆಳೆಯ

ಉಷ್ಣತೆಯ ವಿಷಯ ಒಪ್ಪಿದೆ. ಆದರೂ ಮೇವಿನ ಮಾತನ್ನು ಯಾರೂ ಎತ್ತಲಿಲ್ಲ. ಬರೀ ಜೋಳದ ಕಣಿಕೆ ತಿಂದ ಆಕಳಿಗೆ ಎಸ್‌ಎನ್‌ಎಫ್ ಎಲ್ಲಿಂದ ಬರಬೇಕು?

ಗಂಗಾವತಿ ನಿವೃತ್ತ ಲ್ಯಾಬ್

ಅದೂ ನಿಜವಾದ ಕಾರಣವೇ. ಹೊಟ್ಟೆಗೆ ಸಾಕಷ್ಟು ಶಕ್ತಿಯ ಆಹಾರ ಬೀಳದಿದ್ದರೆ ಹಾಲಿನ ಪ್ರೋಟೀನ್ ತಗ್ಗಿ ಎಸ್‌ಎನ್‌ಎಫ್ ಇಳಿಯುತ್ತದೆ, ಕೆಚ್ಚಲು ಬಾವು ಒಳಗೊಳಗೇ ಇದ್ದರೆ ಲ್ಯಾಕ್ಟೋಸ್ ಇಳಿದು ಹಾಗಾಗುತ್ತದೆ. ಆದರೆ ಮೇವಿನ ಪರಿಣಾಮ ವಾರಗಟ್ಟಲೆ ನಿಧಾನವಾಗಿ ಬರುತ್ತದೆ, ಸಂಜೆಯ ಹಾಲನ್ನೂ ಬಿಡುವುದಿಲ್ಲ, ಒಂದೇ ಓಣಿಯವರನ್ನು ಆರಿಸಿಕೊಳ್ಳುವುದಿಲ್ಲ. ಯಂತ್ರ ಹೋದ ದಿನವೇ ಇಳಿದ ಅಂಕಿಗೆ ಕಣಿಕೆಯನ್ನು ದೂರಲಾಗದು.

ಕುಷ್ಟಗಿ ಹೈನುಗಾರ

ಇಂದು ಬೆಳಗ್ಗೆ ಕಾರ್ಯದರ್ಶಿಯವರ ಎದುರಿಗೇ ನೋಡಿದೆವು. ತಂದ ತಕ್ಷಣ ಹಾಲು 34 ಡಿಗ್ರಿ, ಓದು 26.5. ಬಕೇಟಿನ ನೀರಿನಲ್ಲಿಟ್ಟು 27ಕ್ಕೆ ಇಳಿಸಿದ ಮೇಲೆ ಓದು 28. ಫ್ಯಾಟ್ 4.0. ಕೋಷ್ಟಕದಲ್ಲಿ 8.44 ಬಂತು. ಸೋಮವಾರದಿಂದ ಥರ್ಮಾಮೀಟರ್ ಬಳಸುವುದಾಗಿ ಒಪ್ಪಿದ್ದಾರೆ. ಎರಡು ಪ್ರಶ್ನೆ ಉಳಿದಿವೆ. ಯಂತ್ರ ತೋರಿಸುತ್ತಿದ್ದ 8.5ಕ್ಕೆ ಇನ್ನೂ ಸ್ವಲ್ಪ ಕಡಿಮೆ ಏಕೆ? ಹಿಂದಿನ ದಿನಗಳ ಚೀಟಿಗಳನ್ನು ತಿದ್ದಿಸಬಹುದೇ?

ಗಂಗಾವತಿ ನಿವೃತ್ತ ಲ್ಯಾಬ್

ಮೊದಲನೆಯದಕ್ಕೆ ಎರಡು ಮೂರು ಕಾರಣಗಳಿರಬಹುದು, ಯಾವುದೆಂದು ಇಲ್ಲಿಂದ ಹೇಳಲಾಗದು. ಈಗಷ್ಟೇ ಹಿಂಡಿದ ಹಾಲು ತಣಿದ ಮೇಲೂ ಕೆಲವು ತಾಸು ತನ್ನ ಪೂರ್ಣ ಸಾಂದ್ರತೆಗೆ ಬರುವುದಿಲ್ಲ, ಅದರೊಳಗಿನ ಗಾಳಿ ಹೊರಹೋಗಬೇಕು, ಕೊಬ್ಬು ಗಟ್ಟಿಯಾಗಬೇಕು. ಕೋಷ್ಟಕದ ಸೂತ್ರದಲ್ಲಿ ಕೊನೆಯ ಸಂಖ್ಯೆ 0.44 ಬದಲು ಬೇರೆಯಿದ್ದರೆ ಫಲವೂ ಅಷ್ಟೇ ಸರಿಯುತ್ತದೆ, ಆದ್ದರಿಂದ ಕೋಷ್ಟಕದ ತಲೆಯಲ್ಲಿ ಯಾವ ಸೂತ್ರ ಬರೆದಿದೆ ಎಂದು ನೋಡಿ. ಯಂತ್ರವೇ ಸ್ವಲ್ಪ ಹೆಚ್ಚು ತೋರಿಸುತ್ತಿದ್ದರೂ ಆಶ್ಚರ್ಯವಿಲ್ಲ. ಲ್ಯಾಕ್ಟೋಮೀಟರಿನ ಎಸ್‌ಎನ್‌ಎಫ್‌ನಲ್ಲಿ ಎರಡನೆಯ ದಶಾಂಶಕ್ಕಾಗಿ ಜಗಳವಾಡಬಾರದು, ಅರ್ಧ ಡಿಗ್ರಿ ಓದು ಆಚೀಚೆಯಾದರೆ ಅಲ್ಲೇ 0.12 ಹೋಗುತ್ತದೆ.

ಹಳೆಯ ಚೀಟಿಗಳನ್ನು ಲೆಕ್ಕದಿಂದ ತಿದ್ದಲು ಆಗುವುದಿಲ್ಲ, ಅಂದಿನ ಉಷ್ಣತೆಯನ್ನು ಯಾರೂ ಬರೆದಿಟ್ಟಿಲ್ಲ.

ಸಿರುಗುಪ್ಪ ಪರೀಕ್ಷಕ

ಲೆಕ್ಕದಿಂದ ಆಗದಿರಬಹುದು ಸರ್, ಆಡಳಿತ ಮಂಡಳಿಯ ತೀರ್ಮಾನದಿಂದ ಆಗಬಹುದಲ್ಲ? ಓಣಿಯವರೆಲ್ಲ ಸೇರಿ ಇಂದಿನ ಎರಡು ಓದುಗಳನ್ನು ಕಾರ್ಯದರ್ಶಿಯವರ ಸಹಿಯೊಂದಿಗೆ ಇಟ್ಟು ಅರ್ಜಿ ಕೊಡಲಿ.

ಗಂಗಾವತಿ ನಿವೃತ್ತ ಲ್ಯಾಬ್

ಕೊಡಬಹುದು. ಆದರೆ ಮಂಡಳಿಯಲ್ಲಿ ತೋಟದವರೂ ಇರುತ್ತಾರೆ, ಅವರ ಓದಿನಿಂದ ಕಳೆಯಬೇಕಾದ 0.4ರ ಪ್ರಶ್ನೆಯೂ ಅಲ್ಲೇ ಏಳುತ್ತದೆ.